ಹೆಸರಿಗಾಗಿ ಹುಟ್ಟಿದ ಹುದ್ದೆ

ಸಚಿವಾಲಯವೊಂದರ ಮೂರನೆಯ ಮಹಡಿಯಲ್ಲಿ, ಬಾಗಿಲು ಮುಚ್ಚಲಾರದಷ್ಟು ಕಡತ ತುಂಬಿದ ಬೀರುಗಳ ಸಾಲನ್ನು ದಾಟಿ ಹೋದರೆ, ಬಣ್ಣಗೆಟ್ಟ ತೇಗದ ಬಾಗಿಲೊಂದು ಎದುರಾಗುತ್ತದೆ. ಅದರ ಮೇಲೆ ಒಂದು ನಾಮಫಲಕ. ಫಲಕದ ಸುತ್ತ, ಹಿಂದೆ ಅಲ್ಲಿದ್ದು ಹೋದ ಫಲಕಗಳ ಮೊಳೆತೂತುಗಳು. ನಾನು ಎಣಿಸಿದಾಗ ಹದಿನೆಂಟಿದ್ದವು. ಒಳಗೆ ವಿಶಾಲವಾದ ಮೇಜು, ದಿಂಬಿನ ಕುರ್ಚಿ, ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿಯ ಟವಲು. ಕುರ್ಚಿ ಬರಿದಾಗಿತ್ತು. ನಾನು ಕಾಣಬಂದಿದ್ದುದು ಅಲ್ಲಿ ಕೂರುವ ಮಹನೀಯರನ್ನಲ್ಲ, ‘ವಿಶೇಷ ಕರ್ತವ್ಯಾಧಿಕಾರಿ’ ಎಂಬ ಸಾಕ್ಷಾತ್ ಹುದ್ದೆಯನ್ನೇ ಆದುದರಿಂದ, ಆ ಬರಿದು ನನಗೆ ಅನುಕೂಲವೇ ಆಯಿತು.

“ತಮ್ಮ ಕರ್ತವ್ಯವೇನೆಂದು ತಿಳಿಯಬಹುದೆ?” ಎಂದು ಮೊದಲು ಕೇಳಿದೆ.

“ವಿಶೇಷ ಕರ್ತವ್ಯ,” ಎಂದಿತು ಹುದ್ದೆ, ಗಂಭೀರವಾಗಿ.

“ವಿಶೇಷವೆಂದರೆ?”

“ಸಾಮಾನ್ಯವಲ್ಲದ್ದು. ನನ್ನ ಸೃಷ್ಟಿಯ ಆದೇಶವನ್ನು ನೋಡಿ. ವೇತನಶ್ರೇಣಿಗೆ ಎರಡು ಸಾಲು, ವಾಹನಕ್ಕೆ ಒಂದು ಸಾಲು, ಕರ್ತವ್ಯದ ಮುಂದೆ ‘ಸರ್ಕಾರವು ಕಾಲಕಾಲಕ್ಕೆ ವಹಿಸುವ ಇತರೆ ಕೆಲಸಗಳು’ ಎಂದಿದೆ. ‘ಇತರೆ’ ಎನ್ನಬೇಕಾದರೆ ಮೊದಲು ಒಂದಾದರೂ ಇರಬೇಕಲ್ಲವೆ ಎಂದು ನಾನೂ ಬಹುಕಾಲ ಯೋಚಿಸಿದ್ದುಂಟು.”

ಅಷ್ಟು ಪ್ರಾಂಜಲವಾದ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಹುದ್ದೆಯನ್ನು ಹೀಗೂ ಹುಟ್ಟಿಸುವುದುಂಟೆ ಎಂದೆ.

“ಶಾಸ್ತ್ರದಲ್ಲಿ ಇಲ್ಲ,” ಎಂದು ಅದು ನಿಟ್ಟುಸಿರಿಟ್ಟಿತು. “ಅಮೆರಿಕದವರು 1923ರಲ್ಲಿ ವರ್ಗೀಕರಣ ಶಾಸನವನ್ನು ಮಾಡಿದಾಗ ಹಿಡಿದ ತತ್ತ್ವ ಸರಳವಾದದ್ದು: ತೂಗಬೇಕಾದ್ದು ಕೆಲಸವನ್ನು, ಕೆಲಸ ಮಾಡುವಾತನನ್ನಲ್ಲ. ತೂಗುವವನು ಬಂದು ಮೇಜಿನ ಪಕ್ಕದಲ್ಲಿ ಕೂರುತ್ತಾನೆ. ದಿನವೆಲ್ಲ ಏನು ಮಾಡುತ್ತೀರಿ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ನಿಮ್ಮ ನಿರ್ಣಯವನ್ನು ಮೇಲೆ ಯಾರು ತಿದ್ದುತ್ತಾರೆ, ನೀವು ತಪ್ಪಿದರೆ ಕೆಡುವುದು ಒಂದು ಕಾಗದವೋ ಒಂದು ಜಿಲ್ಲೆಯೋ ಎಂದು ಕೇಳುತ್ತಾನೆ. ಆ ಮಾತನ್ನು ಮೇಲಧಿಕಾರಿಯ ಮಾತಿನೊಡನೆ ತಾಳೆ ನೋಡಿ, ಕಡತಗಳನ್ನು ತೆರೆದು ನೋಡಿ, ಆಮೇಲೆ ದರ್ಜೆ ಕಟ್ಟುತ್ತಾನೆ. 1949ರ ಹೊತ್ತಿಗೆ ಅವರಲ್ಲಿ ಸಾಮಾನ್ಯ ಶ್ರೇಣಿಯ ಹದಿನೆಂಟು ಮೆಟ್ಟಿಲುಗಳಾಗಿದ್ದವು. ಕುಳಿತವನು ಎದ್ದುಹೋದರೂ ದರ್ಜೆ ಮೇಜಿನಲ್ಲಿಯೇ ಉಳಿಯುತ್ತದೆ.”

“ನಮ್ಮಲ್ಲಿ?”

“ನಮ್ಮಲ್ಲಿ ದರ್ಜೆ ಕುಳಿತವರೊಡನೆ ಎದ್ದುಹೋಗುತ್ತದೆ. ಅವರು ಹೋದಲ್ಲೆಲ್ಲ ಅವರ ಎತ್ತರಕ್ಕೆ ತಕ್ಕ ಮೇಜನ್ನು ಒದಗಿಸಬೇಕು. ದರ್ಜಿ ಅಂಗಿಗೆ ಅಳತೆ ತೆಗೆಯುವಂತೆ ನನ್ನನ್ನು ಅಳತೆ ತೆಗೆದು ಹೊಲಿದರು. ಮೈ ಯಾರದೆಂಬುದು ಮೊದಲೇ ಗೊತ್ತಿತ್ತು.”

ಉಪಮೆ ಸೊಗಸಾಗಿತ್ತು, ಆದರೆ ಸಂದರ್ಶಕನು ಉಪಮೆಗೆ ಮರುಳಾಗಬಾರದಷ್ಟೆ. ಐ.ಎ.ಎಸ್. ಮೊದಲಾದ ಸೇವೆಗಳಲ್ಲಿ ಎಷ್ಟು ಜನ ಬೇಕೆಂದು ಲೆಕ್ಕ ಹಾಕಿಯೇ ವೃಂದಬಲವನ್ನು ನಿಗದಿಪಡಿಸುವಾಗ, ಹೀಗೆ ಮೇಜಿಲ್ಲದ ಅಧಿಕಾರಿಗಳು ಹೇಗೆ ಉಳಿಯುತ್ತಾರೆಂದು ಕೇಳಿದೆ.

“ಲೆಕ್ಕವೇನೋ ಬಹು ಅಚ್ಚುಕಟ್ಟು. ಒಂದು ರಾಜ್ಯದಲ್ಲಿ ಹಿರಿಯ ಕರ್ತವ್ಯದ ಹುದ್ದೆಗಳು ನೂರಿವೆಯೆನ್ನಿ. ಕೇಂದ್ರಕ್ಕೆ ನಿಯೋಜನೆಯ ಮೇಲೆ ಹೋಗುವವರಿಗೆಂದು ನಲವತ್ತು, ರಾಜ್ಯದೊಳಗೇ ವೃಂದದ ಹೊರಗಿನ ಹುದ್ದೆಗಳಿಗೆಂದು ಇಪ್ಪತ್ತೈದು, ತರಬೇತಿಗೆ ಮೂರೂವರೆ, ರಜೆಯವರಿಗೂ ಕಿರಿಯರಿಗೂ ಹದಿನಾರೂವರೆ. ಒಟ್ಟು 185. ಕೊನೆಯ ಹದಿನಾರೂವರೆಯನ್ನು ಬಿಟ್ಟು ಉಳಿದುದರ ಮೂರನೆಯ ಒಂದು ಭಾಗ, ಅಂದರೆ 56, ರಾಜ್ಯ ಸೇವೆಯಿಂದ ಮೇಲೆ ಬರುವವರಿಗೆ. ಮಿಕ್ಕ 129 ನೇರ ನೇಮಕಾತಿಯವರಿಗೆ. ಒಬ್ಬೊಬ್ಬರು ಸುಮಾರು ಮೂವತ್ತೆರಡು ವರ್ಷ ಸೇವೆ ಮಾಡುವರೆಂದರೆ ವರ್ಷಕ್ಕೆ ನಾಲ್ವರನ್ನು ತೆಗೆದುಕೊಂಡರೆ ಸಾಕು. ಒಂದು ತುದಿಯಲ್ಲಿ ನಾಲ್ವರು ಒಳಬರುವಾಗ ಇನ್ನೊಂದು ತುದಿಯಲ್ಲಿ ನಾಲ್ವರು ನಿವೃತ್ತರಾಗುತ್ತಾರೆ.”

“ಇದರಲ್ಲಿ ದೋಷವೆಲ್ಲಿ?”

“ದೋಷ ‘ವರ್ಷಕ್ಕೆ’ ಎಂಬ ಪದದಲ್ಲಿದೆ, ಸ್ವಾಮಿ! ಒಂದು ವರ್ಷ ಮಿತವ್ಯಯದ ಗಾಳಿ ಬೀಸಿ ಒಬ್ಬರನ್ನೇ ತೆಗೆದುಕೊಳ್ಳುತ್ತಾರೆ. ಮುಂದೊಂದು ವರ್ಷ ಕೊರತೆಯ ಕೂಗೆದ್ದು ಎಂಟು ಜನರನ್ನು ತೆಗೆದುಕೊಳ್ಳುತ್ತಾರೆ. ಸರಾಸರಿ ಕೆಡುವುದಿಲ್ಲ. ಆದರೆ ಸರಾಸರಿಗೆ ವಯಸ್ಸಾಗುವುದಿಲ್ಲ. ಆ ಎಂಟು ಜನರಿಗೆ ಆಗುತ್ತದೆ. ಇಪ್ಪತ್ತೈದು ವರ್ಷಗಳ ಮೇಲೆ ಎಂಟು ಜನರೂ ಒಂದೇ ದಿನ ಪ್ರಧಾನ ಕಾರ್ಯದರ್ಶಿಯ ಹೊಸ್ತಿಲಲ್ಲಿ ನಿಂತಿರುತ್ತಾರೆ. ಒಳಗೆ ತೆರವಾದ ಕುರ್ಚಿ ಎರಡು. ಆಗ ನನ್ನಂಥವರ ಜನ್ಮಕ್ಕೆ ಮುಹೂರ್ತವಿಡುತ್ತಾರೆ.”

“ಮುಂಬಡ್ತಿಗಾಗಿಯೇ ತಾವು ಹುಟ್ಟಿದಿರೆನ್ನಿ.”

“ಅಷ್ಟೇ ಆಗಿದ್ದರೆ ನಾನು ಮಾನವಂತನೆಂದೇ ಹೇಳಿಕೊಳ್ಳುತ್ತಿದ್ದೆ,” ಎಂದು ಹುದ್ದೆ ಧ್ವನಿ ತಗ್ಗಿಸಿತು. “ಎತ್ತಂಗಡಿಗೂ ನಾನೇ ಬೇಕು. ಬೇಡವಾದವರನ್ನು ಕೆಳಗಿಳಿಸುವಂತಿಲ್ಲ, ಸಂಬಳ ಕಡಿಯುವಂತಿಲ್ಲ. ಅದೇ ಸಂಬಳದ ಮೇಲೆ ನನ್ನಲ್ಲಿಗೆ ಕಳುಹಿಸಬಹುದು. ನನ್ನ ಕುಲದ ಪ್ರಸಿದ್ಧ ಕಥೆಯೊಂದು ಮದ್ರಾಸಿನಲ್ಲಿ ನಡೆಯಿತು. ಅಲ್ಲಿ ರಾಯಪ್ಪ ಎಂಬವರು ಹಂಗಾಮಿ ಮುಖ್ಯ ಕಾರ್ಯದರ್ಶಿಗಳಾಗಿದ್ದರು. 1971ರ ಏಪ್ರಿಲಿನಲ್ಲಿ ಅವರನ್ನು ರಾಜ್ಯ ಯೋಜನಾ ಆಯೋಗದ ಉಪಾಧ್ಯಕ್ಷ ಸ್ಥಾನಕ್ಕೆ ಕಳುಹಿಸಿದರು. ಅದು ಒಂದು ವರ್ಷದ ಮಟ್ಟಿಗೆ ಸೃಷ್ಟಿಸಿದ ಹುದ್ದೆ. ಅವರು ರಜೆ ಹಾಕಿದರು. ಮರುವರ್ಷ ಜೂನಿನಲ್ಲಿ ಮಾರಾಟ ತೆರಿಗೆ ಮೊದಲಾದವುಗಳನ್ನು ಓರಣಗೊಳಿಸುವ ಒಬ್ಬ ವಿಶೇಷಾಧಿಕಾರಿಯ ಹುದ್ದೆ ಹುಟ್ಟಿತು. ಅದೂ ಒಂದು ವರ್ಷಕ್ಕೆ, ಅದೂ ಮುಖ್ಯ ಕಾರ್ಯದರ್ಶಿಯ ಶ್ರೇಣಿಯಲ್ಲಿ. ಅದು ನನ್ನ ದೊಡ್ಡಪ್ಪನಾಗಬೇಕು. ರಾಯಪ್ಪನವರು ದೊಡ್ಡಪ್ಪನ ಮುಖ ನೋಡದೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು.”

“ಗೆದ್ದರೆ?”

“ಇಲ್ಲ. 1973ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠ ಅರ್ಜಿಯನ್ನು ವಜಾಮಾಡಿತು. ಆದರೆ ಸೋತವರಿಗಿಂತ ಹೆಚ್ಚಾಗಿ ನಮ್ಮ ಮನೆತನಕ್ಕೆ ಪೆಟ್ಟು ಬಿತ್ತು. ವೃಂದದ ಹೊರಗಿನ ಹುದ್ದೆಗೆ ಅಧಿಕಾರಿಯನ್ನು ಕಳುಹಿಸಬೇಕಾದರೆ, ಅದು ವೃಂದದ ಯಾವ ಹುದ್ದೆಗೆ ಸಮಾನವೆಂದು ಸರ್ಕಾರ ಮೊದಲು ಘೋಷಿಸಬೇಕು. ಘೋಷಿಸುವ ಮುನ್ನ ಎರಡರ ಕರ್ತವ್ಯವನ್ನೂ ಹೊಣೆಯನ್ನೂ ನಿಜವಾಗಿ ತೂಗಿ ನೋಡಿರಬೇಕು. ಸಂಬಳ ಒಂದೇ ಎಂದಮಾತ್ರಕ್ಕೆ ಹುದ್ದೆ ಒಂದೇ ಆಗುವುದಿಲ್ಲ ಎಂದು ನ್ಯಾಯಮೂರ್ತಿ ಭಗವತಿಯವರು ಬರೆದರು. ಸಮಾನತೆಗೂ ಸ್ವೇಚ್ಛಾಚಾರಕ್ಕೂ ಬದ್ಧದ್ವೇಷವೆಂಬ ಮಾತು ಬಂದುದೂ ಆ ತೀರ್ಪಿನಲ್ಲಿಯೇ. ವಕೀಲರಿಗೆ ಅದು ಬಾಯಿಪಾಠ. ನನಗೆ ಮಾತ್ರ ಹಿಂದಿನ ಮಾತೇ ಹೆಚ್ಚು ಚುಚ್ಚುತ್ತದೆ.”

ಹಾಗಾದರೆ ತಮ್ಮನ್ನು ತೂಗಿ ನೋಡಿದ ಟಿಪ್ಪಣಿ ಕಡತದಲ್ಲಿದೆಯೆ ಎಂದು ವಿಚಾರಿಸಿದೆ. ಹುದ್ದೆ ಮೇಜಿನ ಎಡಗಡೆಯ ಖಾನೆಯನ್ನು ತೋರಿಸಿತು. ಕಡತದಲ್ಲಿ ನನಗೆ ಸಿಕ್ಕಿದ ಕ್ರಮ ಹೀಗಿತ್ತು: ವರ್ಗಾವಣೆಯ ಆದೇಶ ಸೋಮವಾರದ್ದು, ಹುದ್ದೆಯ ಸೃಷ್ಟಿಯ ಆದೇಶ ಬುಧವಾರದ್ದು, ಆರ್ಥಿಕ ಇಲಾಖೆಯ ಸಹಮತಿ ಮುಂದಿನ ತಿಂಗಳಿನದು, ಸಮಾನತೆಯ ಘೋಷಣೆ ಒಂದೇ ವಾಕ್ಯ, ಅದರ ಕೆಳಗೆ ಕಾರಣಗಳಿಗೆಂದು ಬಿಟ್ಟ ಬಿಳಿಯ ಜಾಗ. ಇಂಥ ಹುದ್ದೆಯ ಜಾತಕವನ್ನು ತಿಳಿಯಲು ಬೇರೆ ವಿದ್ಯೆ ಬೇಕಿಲ್ಲ, ತಾರೀಖುಗಳನ್ನು ಸಾಲಾಗಿ ಓದಿದರೆ ಸಾಕೆಂದು ಆಗ ನನಗೆ ಹೊಳೆಯಿತು.

“ಕೆಲಸವೇ ಇಲ್ಲವೆಂದು ಮಾತ್ರ ಬರೆಯಬೇಡಿ,” ಎಂದು ಅದು ಬೇಡಿಕೊಂಡಿತು. “ಹಿಂದೊಬ್ಬರು ಬಂದಿದ್ದರು, ಜಲಾಶಯದಲ್ಲಿ ಮುಳುಗಡೆಯಾದ ಹಳ್ಳಿಗಳ ಪರಿಹಾರದ ಕಡತಗಳನ್ನು ತಾವಾಗಿಯೇ ತರಿಸಿಕೊಂಡು ರಾತ್ರಿಯವರೆಗೂ ಕೂತು ಮುಗಿಸಿದರು. ಆ ಏಳು ತಿಂಗಳು ನಾನು ಹುದ್ದೆಯಾಗಿದ್ದೆ. ಅವರು ಎದ್ದುಹೋದಾಗ ಕೆಲಸವೂ ಅವರೊಡನೆ ಹೋಯಿತು. ನನ್ನ ಪಟ್ಟಿಯಲ್ಲಿ ಅದನ್ನು ಯಾರೂ ಬರೆದಿಡಲಿಲ್ಲ.”

ನಾನು ಉತ್ತರ ಹುಡುಕುತ್ತಿರುವಾಗ ಬಾಗಿಲ ಬಳಿ ತಿರುಪು ಬಿಚ್ಚುವ ಸದ್ದಾಯಿತು. ಜವಾನನೊಬ್ಬ ಹಳೆಯ ಫಲಕವನ್ನು ಕಂಕುಳಲ್ಲಿಟ್ಟುಕೊಂಡು, ಹೊಸದನ್ನು ಬಾಗಿಲಿಗೆ ಆನಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

“ಈ ಸಾಹೇಬರ ಹೆಸರು ಉದ್ದ, ಸ್ವಾಮಿ,” ಎಂದನು ನನ್ನ ಕಡೆ ತಿರುಗಿ. “ಹಳೇ ತೂತಿಗೆ ಕೂರೋದಿಲ್ಲ. ಇನ್ನೆರಡು ಹೊಡೀಬೇಕು.”