ಎಕ್ಸೆಲ್ಲಿನಲ್ಲಿ ತಿರುಗಿದ ಗಾಣ

ನನ್ನ ಗಾಣದ ಎಣ್ಣೆ ವ್ಯಾಪಾರದಲ್ಲಿ ತಿಂಗಳಿಗೆ 4 ಲಕ್ಷ 88 ಸಾವಿರ ರೂಪಾಯಿ ಲಾಭ ಬರುತ್ತಿತ್ತು. ಗಾಣವನ್ನು ಇನ್ನೂ ಕೊಂಡಿರಲಿಲ್ಲ ಅನ್ನುವುದೊಂದನ್ನು ಬಿಟ್ಟರೆ ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಐದು ವರ್ಷದ ಲೆಕ್ಕ ಎಕ್ಸೆಲ್ಲಿನಲ್ಲಿ ತಯಾರಿತ್ತು. ಮೊದಲ ವರ್ಷದ ಅಂಕಿ ನಾನು ಬರೆದದ್ದು. ಮುಂದಿನ ನಾಲ್ಕು ವರ್ಷದ್ದನ್ನು ಮೌಸ್ ಹಿಡಿದು ಬಲಕ್ಕೆ ಎಳೆದದ್ದು, ವರ್ಷಕ್ಕೆ ಶೇಕಡಾ 30 ಬೆಳವಣಿಗೆ. ಇಷ್ಟು ಸಲೀಸಾಗಿ ದುಡ್ಡು ಬರುವಾಗ ಜನ ಯಾಕೆ ಕೆಲಸಕ್ಕೆ ಹೋಗುತ್ತಾರೋ ಎಂದು ಆ ರಾತ್ರಿ ಮರುಕವೂ ಆಯಿತು.

ಸಾಲಕ್ಕೆ ಬ್ಯಾಂಕು, ನಮ್ಮ ಪಾಲಿನ ಬಂಡವಾಳಕ್ಕೆ ಸೋದರಮಾವ. ಇಬ್ಬರನ್ನೂ ಒಂದೇ ಏಟಿಗೆ ಒಪ್ಪಿಸಿಬಿಡೋಣ ಎಂದು ಮಾವನನ್ನು ಬ್ಯಾಂಕಿಗೇ ಕರೆದುಕೊಂಡು ಹೋದೆ. ಮಾವ ಚಳ್ಳಕೆರೆಯ ಮಂಡಿಯಲ್ಲಿ ಗುಮಾಸ್ತರಾಗಿ ತಲೆ ಹಣ್ಣು ಮಾಡಿಕೊಂಡವರು. ಕಡಲೆಕಾಯಿ ಊರಿನಲ್ಲಿ ಕಡಲೆಕಾಯಿ ಲೆಕ್ಕ ಬರೆದವರನ್ನು ಕಡಲೆಕಾಯಿ ಎಣ್ಣೆಯ ಲೆಕ್ಕ ಕೇಳಲು ಕರೆದೊಯ್ಯುವುದು ಎಂಥ ಬುದ್ಧಿವಂತಿಕೆ ಎಂಬುದು ನನಗೆ ಆಮೇಲೆ ಹೊಳೆಯಿತು.

ಪರದೆಯ ಮೇಲೆ ಮೊದಲ ಪುಟ ಬಂತು. "ನಮ್ಮ ಮಾರುಕಟ್ಟೆಯಲ್ಲಿ ಒಂದು ಲಕ್ಷ ಮನೆಗಳಿವೆ. ನಾನು ದುರಾಸೆ ಪಡುತ್ತಿಲ್ಲ. ಬರೀ ಒಂದು ಪರ್ಸೆಂಟ್ ಹಿಡಿದರೂ ಸಾವಿರ ಮನೆ. ಮನೆಗೆ ತಿಂಗಳಿಗೆ ನಾಲ್ಕು ಲೀಟರ್. ಒಟ್ಟು ನಾಲ್ಕು ಸಾವಿರ ಲೀಟರ್."

"ಆ ಸಾವಿರದಲ್ಲಿ ಹತ್ತು ಮನೆ ಹೆಸರು ಹೇಳಯ್ಯ" ಅಂದರು ಮಾವ.

ನಮ್ಮ ಮನೆ, ಅವರ ಮನೆ, ಭಾವನ ಮನೆ ಎಂದು ಶುರು ಮಾಡಿದೆ. ಭಾವನ ಮನೆಯವರು ಸೂರ್ಯಕಾಂತಿ ಎಣ್ಣೆಯವರು ಎಂದು ಮಾವ ಅದನ್ನೂ ಹೊಡೆದುಹಾಕಿದರು.

ಮ್ಯಾನೇಜರು ಮರ್ಯಾದಸ್ಥರು. ಗಿರಾಕಿಗಳ ತಂಟೆಗೆ ಹೋಗದೆ, "ಸರ್, ಗಾಣ ಒಂದು ಸಲಕ್ಕೆ ಎಷ್ಟು ಬೀಜ ಹಿಡಿಯುತ್ತೆ?" ಎಂದು ಕೇಳಿದರು. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು, ಹುಮ್ಮಸ್ಸಿನಿಂದಲೇ ಕೊಟ್ಟೆ: ಹದಿನೈದು ಕಿಲೋ, ಒಂದು ಗಂಟೆ. ಅವರು ಪೆನ್ನು ತೆಗೆದರು. ದಿನಕ್ಕೆ ಎಂಟು ಗಂಟೆ ಕರೆಂಟು ಕೈಕೊಡದೆ ಓಡಿದರೂ 120 ಕಿಲೋ ಬೀಜ. ನೂರು ಕಿಲೋಗೆ ನಲವತ್ತು ಕಿಲೋ ಎಣ್ಣೆ ಅಂದುಕೊಂಡರೆ 48 ಕಿಲೋ. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ಲೀಟರಿನಲ್ಲಿ ಸುಮಾರು 52. ತಿಂಗಳಿಗೆ ಇಪ್ಪತ್ತೈದು ದಿನ, 1,300 ಲೀಟರ್.

"ನಾಲ್ಕು ಸಾವಿರ ಲೀಟರ್ ಮಾರ್ತೀರಿ ಅಂತಿದೆ. ಮಿಕ್ಕ 2,700 ಲೀಟರ್ ಎಲ್ಲಿಂದ ತರ್ತೀರಿ?"

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ ಅನ್ನುವುದಕ್ಕಿಂತ, ಇಂಥದೊಂದು ಪ್ರಶ್ನೆ ಲೋಕದಲ್ಲಿ ಇದೆ ಎಂಬುದೇ ಗೊತ್ತಿರಲಿಲ್ಲ. ಮಾರಾಟದ ಹಾಳೆ ಒಂದು, ಯಂತ್ರದ ಹಾಳೆ ಇನ್ನೊಂದು. ಅವೆರಡೂ ಎಂದೂ ಮುಖ ನೋಡಿಕೊಂಡಿರಲಿಲ್ಲ. ಮೌಸ್ ಎಳೆದ ಪ್ರತಾಪದಿಂದ ಐದನೇ ವರ್ಷ ತಿಂಗಳಿಗೆ ಹನ್ನೊಂದು ಸಾವಿರ ಲೀಟರ್ ದಾಟುತ್ತಿತ್ತು. ಅಷ್ಟಕ್ಕೆ ಒಂಬತ್ತು ಗಾಣ ಬೇಕು. ನನ್ನ ಶೆಡ್ಡಿನಲ್ಲಿ ಆಗಲೂ ಒಂದೇ ಗಾಣ, ಒಬ್ಬನೇ ಆಳು. ಆ ಪುಣ್ಯಾತ್ಮ ಐದು ವರ್ಷದಲ್ಲಿ ಒಮ್ಮೆಯೂ ಸಂಬಳ ಜಾಸ್ತಿ ಕೇಳಿರಲಿಲ್ಲ.

ಅಲ್ಲಿಂದ ಮಾವ ಎಣ್ಣೆಯ ಇಳುವರಿಗೆ ಕೈ ಹಾಕಿದರು. ನಾನು ಹಾಕಿದ್ದು ಶೇಕಡಾ 45. "ಯಾರು ಹೇಳಿದ್ದು?"

"ಗಾಣ ಮಾರೋರ ಕರಪತ್ರದಲ್ಲಿ ಇದೆ ಮಾವ."

"ಮದುವೆ ದಲ್ಲಾಳಿ ಹುಡುಗನ ವಯಸ್ಸು ಹೇಳಿದ ಹಾಗಾಯ್ತು. ನಲವತ್ತು ಹಾಕಯ್ಯ, ಅದೂ ಬೀಜ ಒಣಗಿದ್ರೆ."

ನಲವತ್ತು ಹಾಕಿದೆವು. ಬೀಜ ಕಿಲೋಗೆ 110 ರೂಪಾಯಿಯಂತೆ ಹದಿನೈದು ಕಿಲೋಗೆ 1,650. ಆರು ಕಿಲೋ ಎಣ್ಣೆ, ಅಂದರೆ 6.6 ಲೀಟರ್. ಉಳಿದ ಒಂಬತ್ತು ಕಿಲೋ ಹಿಂಡಿ, ನಲವತ್ತರಂತೆ 360 ರೂಪಾಯಿ ವಾಪಸ್. ಲೀಟರಿಗೆ 195 ಬಿತ್ತು. ನನ್ನ ಹಾಳೆಯಲ್ಲಿ 178 ಇತ್ತು. ಹದಿನೇಳು ರೂಪಾಯಿಗೆ ಇಷ್ಟು ರಾದ್ಧಾಂತವೇ ಎಂದು ನಾನು ಸ್ವಲ್ಪ ಧೈರ್ಯ ತಂದುಕೊಂಡೆ.

"ಲೀಟರ್ 300 ಅಂತ ಬರೆದಿದ್ದೀರಿ. ಅದು ಬಾಟಲಿ ಮೇಲಿನ ರೇಟೋ, ನಿಮ್ಮ ಕೈಗೆ ಬರೋದೋ?" ಮ್ಯಾನೇಜರ ದನಿ ಮೆತ್ತಗಿತ್ತು. ಮೆತ್ತಗಿನ ದನಿಯವರನ್ನು ಕಂಡರೆ ನನಗೆ ಈಗಲೂ ಭಯ.

ಅಂಗಡಿಯವನಿಗೆ ನೂರಕ್ಕೆ ಇಪ್ಪತ್ತು ಬಿಟ್ಟರೆ 240. ಅದರೊಳಗಿನ ಜಿಎಸ್‌ಟಿ ಶೇಕಡಾ 5 ತೆಗೆದರೆ 228. ಬಾಟಲಿ, ಮುಚ್ಚಳ, ಲೇಬಲ್ಲಿಗೆ ಹದಿನೈದು. ಬಾಟಲಿಗೆ ನನ್ನ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ. ಎಣ್ಣೆಯನ್ನು ಗಿರಾಕಿಯ ಬೊಗಸೆಗೇ ಸುರಿಯುವ ಯೋಜನೆ ನನ್ನದು. ಕೊನೆಗೆ ಲೀಟರಿಗೆ ಉಳಿದದ್ದು ಹದಿನೆಂಟು ರೂಪಾಯಿ. 1,300 ಲೀಟರಿಗೆ 23,400. ಇದರಲ್ಲೇ ಆಳಿನ ಸಂಬಳ, ಕರೆಂಟು, ಬಾಡಿಗೆ, ಬ್ಯಾಂಕಿನ ಕಂತು. ನಾಲ್ಕು ಲಕ್ಷ ಎಂಬತ್ತೆಂಟು ಸಾವಿರ ಅರ್ಧ ಗಂಟೆಯಲ್ಲಿ ಕಣ್ಣೆದುರೇ ಇಂಗಿಹೋಯಿತು. ಮೊದಲ ಪುಟದ ಮೇಲೆ ಹಾಕಿದ್ದ ಚಿನ್ನದ ನಾಣ್ಯಗಳ ಚಿತ್ರ ಮಾತ್ರ ಪರದೆಯಲ್ಲಿ ಇನ್ನೂ ಮಿನುಗುತ್ತಿತ್ತು. ಅದನ್ನು ಆರಿಸುವುದು ಹೇಗೆಂದು ಗಾಬರಿಯಲ್ಲಿ ತೋಚಲಿಲ್ಲ.

"ಇಷ್ಟರಲ್ಲಿ ಯಾವ ಒಂದು ಅಂಕಿ ತಪ್ಪಿದರೆ ಎಲ್ಲ ಮುಳುಗುತ್ತೆ, ಅದನ್ನ ಹೇಳಿ" ಅಂದರು ಮ್ಯಾನೇಜರು.

ಎಲ್ಲಾ ಆಗಲೇ ಮುಳುಗಿದೆಯಲ್ಲ ಸರ್ ಎನ್ನಬೇಕೆಂದುಕೊಂಡೆ. ಮಾವ ಬೆರಳು ಮಡಿಚಿ ಹೇಳಿದರು: "ಬೀಜ ಎಂಟು ರೂಪಾಯಿ ಏರಲಿ. ಹದಿನೈದು ಕಿಲೋಗೆ ನೂರಿಪ್ಪತ್ತು. ಅದನ್ನ 6.6ಕ್ಕೆ ಹಂಚು. ಲೀಟರಿಗೆ ಹದಿನೆಂಟು. ನಿನ್ನ ಲಾಭ ಪೂರ್ತಿ ಅಷ್ಟೇ ತಾನೆ? ಮಂಡೀಲಿ ಎಂಟು ರೂಪಾಯಿ ಏರೋಕೆ ಒಂದು ಮಳೆ ತಪ್ಪಿದರೆ ಸಾಕು." ಐದು ವರ್ಷವೂ ಬೀಜ 110ರಲ್ಲೇ ನಿಂತಿರುತ್ತದೆ ಎಂದು ನಾನು ಬರೆದದ್ದರ ಮೇಲೆ ಅವರ ಬೆರಳಿತ್ತು.

ದುಡ್ಡು ಯಾವಾಗ ಬರುತ್ತದೆ ಎಂಬ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ, ಅದು ಇನ್ನೂ ಉರಿಯುತ್ತದೆ. ಅಂಗಡಿಯವರು ಕೊಡುವುದು ಒಂದೂವರೆ ತಿಂಗಳಿಗೆ, ಮಂಡಿಯವರು ಕೇಳುವುದು ನಗದು. ಪೂರ್ತಿ ಸರಕು ಮಾರಿದರೂ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಬೀದಿಯಲ್ಲೇ ಇರುತ್ತದೆ. ದುಡಿಯುವ ಬಂಡವಾಳ ಎಂದು ನಾನು ತೋರಿಸಿದ್ದು ಐವತ್ತು ಸಾವಿರ. ಯಾಕೆ ಐವತ್ತು? ದುಂಡಗೆ ಚೆನ್ನಾಗಿ ಕಾಣುತ್ತದೆ ಅಂತ.

ಮ್ಯಾನೇಜರು ಕೊನೆಗೆ ಹಾಳೆಯ ಅಚ್ಚುಪ್ರತಿಯನ್ನು ನನ್ನ ಕಡೆ ತಳ್ಳಿ ಮೂರು ಪೆನ್ನು ಕೊಟ್ಟರು. ಅಳೆದು ನೋಡಿದ ಅಂಕಿಗೆ ಹಸಿರು, ಯಾರನ್ನಾದರೂ ಕೇಳಿ ತಿಳಿದದ್ದಕ್ಕೆ ನೀಲಿ, ಅಂದುಕೊಂಡದ್ದಕ್ಕೆ ಕೆಂಪು ಸುತ್ತು ಹಾಕಬೇಕು. ಸಾಲ ಕೇಳುವವರಿಗೆಲ್ಲ ಇದನ್ನು ಮಾಡಿಸುತ್ತಾರಂತೆ. ಕೆಂಪು ಹಾಕುತ್ತಾ ಹೋದೆ. ಇಳುವರಿ ನೀಲಿ ಎಂದು ವಾದಿಸಿದೆ, ಮಾವ ಕೆಮ್ಮಿದರು, ಅದೂ ಕೆಂಪಾಯಿತು. ಕಡೆಗೆ ಒಂದೇ ಒಂದು ಹಸಿರು ಸಿಕ್ಕಿತು: ಶೆಡ್ಡಿನ ಬಾಡಿಗೆ ತಿಂಗಳಿಗೆ ಐದು ಸಾವಿರ. ಶೆಡ್ಡು ಮಾವನದೇ.

"ಬಾಡಿಗೆ ಎಷ್ಟು ಅಂತ ನಾನಿನ್ನೂ ಹೇಳಿಲ್ವಲ್ಲೋ" ಅಂದರು ಮಾವ.

ಕನಿಷ್ಠ ಒಂದನ್ನಾದರೂ ಹಸಿರು ಮಾಡಿಯೇ ತೀರುತ್ತೇನೆಂದು ಹದಿನೈದು ಕಿಲೋ ಬೀಜ ಕೊಂಡು, ಆಟೋದಲ್ಲಿ ಹೇರಿಕೊಂಡು, ಕೂಲಿಗೆ ಎಣ್ಣೆ ತೆಗೆದುಕೊಡುವ ಗಾಣದವರ ಹತ್ತಿರ ಹೋದೆ. ತೂಕ ಹಾಕಿದಾಗ 5.8 ಕಿಲೋ. ಎರಡು ದಿನ ಬಿಟ್ಟು ಮಡ್ಡಿ ಕೆಳಗಿಳಿದ ಮೇಲೆ ತಿಳಿಯಾಗಿ ಸಿಕ್ಕಿದ್ದು 5.6. ನೂರಕ್ಕೆ ಮೂವತ್ತೇಳು ಚಿಲ್ಲರೆ. ಹಿಂಡಿಯನ್ನು ಮಾವ ತಮ್ಮ ಹಸುವಿಗೆ ಎಂದು ಪುಕ್ಕಟೆ ಒಯ್ದರು.

ಹೆಂಡತಿ ಎಣ್ಣೆ ಮೂಸಿ ನೋಡಿ, ಘಮ ಚೆನ್ನಾಗಿದೆ ಅಂದಳು. ಲೀಟರಿಗೆ ಎಷ್ಟು ಬಿತ್ತು ಎಂದು ಕೇಳಿದಳು. ಬೀಜ 1,650, ಗಾಣದ ಕೂಲಿ 300, ಆಟೋ 200 ಕೂಡಿಸಿ, ಆರು ಲೀಟರ್ ಚಿಲ್ಲರೆಗೆ ಭಾಗಿಸಿ, ಪ್ರಾಮಾಣಿಕವಾಗಿ 350 ಅಂದೆ.

"ನೀವು ಮಾರ್ತೀನಿ ಅಂದಿದ್ದು ಎಷ್ಟಕ್ಕೆ?"

"300ಕ್ಕೆ."

"ಹಾಗಾದ್ರೆ ನಮಗೂ ತಿಂಗಳಿಗೆ ನಾಲ್ಕು ಲೀಟರ್ ಬರೆದುಕೊಳ್ಳಿ" ಅಂದಳು.