ಗುಬ್ಬಕ್ಕನ ಬಾಗಿಲನ್ನು ಫ್ರೆಂಚಿನಲ್ಲಿ ಮುಚ್ಚುವ ವಿಧಾನ

ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಫ್ರೆಂಚಿಗೆ ಒಯ್ದು, ಅಲ್ಲಿ ಅದು ಮತ್ತೆ ಏಳದಂತೆ ಮಲಗಿಸುವುದು ಅಂಥ ಕಷ್ಟದ ಕೆಲಸವಲ್ಲ. ಶಿವಮೊಗ್ಗದಲ್ಲಿ ಕೂತು ಕಲಿತ ಒಂದಿಷ್ಟು ಫ್ರೆಂಚ್, ಭದ್ರಾವತಿಯಲ್ಲಿ ಒಬ್ಬ ಅಜ್ಜಿ, ಇಷ್ಟಿದ್ದರೆ ಸಾಕು. ಕೆಳಗೆ ಹೇಳಿದಂತೆ ಮಾಡಿ.

ಮೊದಲು ರೈಲು ಹತ್ತಿ ಭದ್ರಾವತಿಗೆ ಹೋಗಿ. ಪೇಪರ್ ಟೌನಿನ ಅಜ್ಜಿ ಈ ಕಥೆಯನ್ನು ಮೊಮ್ಮಗಳ ಬಾಯಿಗೆ ತುತ್ತಿಡುತ್ತ ಹೇಳುವವರು. ಹಾಗೆ ಹೇಳಲು ಬಿಡಬೇಡಿ. ಕುರ್ಚಿಯ ಮೇಲೆ ಕೂರಿಸಿ, ಮೊಬೈಲನ್ನು ಮುಖದ ಹತ್ತಿರ ಹಿಡಿಯಿರಿ, ಮಗುವನ್ನು ಪಕ್ಕದ ಮನೆಗೆ ಕಳಿಸಿ. "ಹೂಂ ಅನ್ನೋರೇ ಇಲ್ದೆ ಹೆಂಗೆ ಹೇಳ್ಲಾ ಮಾರಾಯ?" ಎಂದು ಅವರು ಕೇಳಿದರೆ "ಸಾರಾಂಶ ಹೇಳಿ ಅಜ್ಜಿ, ಸಾಕು" ಅನ್ನಿ. ಮಾರ್ಟಿನೀಕ್, ಗ್ವಾಡಲೂಪ್ ದ್ವೀಪಗಳಲ್ಲಿ ಕಥೆಗಾರ ನಡುನಡುವೆ "ಕ್ರಿಕ್?" ಎಂದು ಕೂಗುತ್ತಾನೆ, ಕೂತವರೆಲ್ಲ "ಕ್ರಾಕ್!" ಎಂದು ಉತ್ತರ ಕೊಡುತ್ತಾರೆ. ಅಂದರೆ ನಮ್ಮ ಹೂಂಗುಟ್ಟುವಿಕೆಗೆ ಫ್ರೆಂಚ್ ಆಡುವ ನಾಡುಗಳಲ್ಲೇ ಸಿದ್ಧ ಜಾಗವೊಂದಿದೆ. ಇದನ್ನು ತಿಳಿದುಕೊಂಡರೆ ಬಳಸುವ ಆಸೆ ಹುಟ್ಟುತ್ತದೆ. ಆದ್ದರಿಂದ ಈಗಲೇ ಮರೆತುಬಿಡಿ.

ಸಾರಾಂಶ ಇಷ್ಟು: ಕಾಗೆಗೆ ಸಗಣಿ ಮನೆ, ಗುಬ್ಬಿಗೆ ಕಲ್ಲಿನ ಮನೆ. ಮಳೆಗೆ ಸಗಣಿ ಮನೆ ಕೊಚ್ಚಿಹೋಗುತ್ತದೆ, ಕಾಗೆ ಬಂದು ಬಾಗಿಲು ಬಡಿಯುತ್ತದೆ. ಗುಬ್ಬಿ ಪ್ರತಿ ಸಲವೂ ಒಂದೊಂದು ನೆಪ ಹೇಳುತ್ತದೆ. ಕೊನೆಗೆ ಒಳಗೆ ಬಂದ ಕಾಗೆ ರಾತ್ರಿಯಿಡೀ ಕಡಲೆ ತಿನ್ನುತ್ತದೆ. ಇಷ್ಟನ್ನೇ ಅನುವಾದಿಸಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಬಾಗಿಲ ಬಳಿಯದು. ಇಲ್ಲಿ ಎಚ್ಚರ ತಪ್ಪಬೇಡಿ. ಅಜ್ಜಿಯ ಬಾಯಲ್ಲಿ ಕಾಗೆ ಪ್ರತಿ ಸಲವೂ "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ" ಎಂದೇ ಕೂಗುತ್ತದೆ, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಗುಬ್ಬಿಯ ಉತ್ತರವೂ "ತಡಿ ಮಾರಾಯ್ತಿ" ಎಂದೇ ಶುರುವಾಗುತ್ತದೆ. ಮನೆ ಗುಡಿಸ್ತೀನಿ, ಮಗೂಗೆ ನೀರು ಹಾಕ್ತೀನಿ, ಮಗೂನ ಮಲಗಿಸ್ತೀನಿ ಎಂದು ಬದಲಾಗುವುದು ಬಾಲ ಮಾತ್ರ. ಕೂಗು ಬದಲಾಗದೆ ಇರುವುದರಿಂದಲೇ ಹೊರಗೆ ಮಳೆ ಇನ್ನೂ ನಿಂತಿಲ್ಲವೆಂದು ಮಗುವಿಗೆ ಗೊತ್ತಾಗುವುದು. ಆ ಗಡಿಯಾರವನ್ನು ಮೊದಲು ನಿಲ್ಲಿಸಿ.

ಫ್ರಾನ್ಸಿನ ಮಾಸ್ತರರು ಇದಕ್ಕೆ ನೆರವಾಗುತ್ತಾರೆ. ಅಲ್ಲಿ ಪ್ರಬಂಧದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ಅಂಚಿನಲ್ಲಿ 'ರೆಪೆತಿಸ್ಯೋಂ' ಎಂದು ಕೆಂಪು ಶಾಯಿ ಬೀಳುವುದುಂಟು. ಅದನ್ನೇ ಪಾಲಿಸಿ. ಮೊದಲ ಸಲ ಕಾಗೆ ಎನ್ನಿ, ಎರಡನೆಯ ಸಲ 'ಕರಿಯ ಹಕ್ಕಿ' ಎನ್ನಿ, ಮೂರನೆಯ ಸಲ 'ನತದೃಷ್ಟ ಅತಿಥಿ' ಎನ್ನಿ. ಒಮ್ಮೆ ಬಡಿಯಲಿ, ಒಮ್ಮೆ ವಿನಂತಿಸಲಿ, ಒಮ್ಮೆ ಗೋಗರೆಯಲಿ. ಕೂಗಿಗೂ ಸಭ್ಯತೆ ಕಲಿಸಿ: "ಷೇರ್ ಮದಾಮ್, ಓರಿಯೇ ವೂ ಲೊಬ್ಲಿಜಾಂಸ್ ದ ಮುವ್ರೀರ್ ಲಾ ಪೋರ್ತ್?" ಬಾಗಿಲು ತೆರೆಯುವ ಕೃಪೆ ಮಾಡುವಿರಾ ಎಂದು ಕೇಳುವ ಈ ವಾಕ್ಯ ಮುಗಿಯುವಷ್ಟರಲ್ಲಿ ಕಾಗೆ ನೆನೆದು ಸತ್ತಿರುತ್ತದೆ. ಹೀಗಾದರೆ ನೆಪ ಹೇಳುವ ಶ್ರಮವೂ ಗುಬ್ಬಿಗೆ ಉಳಿಯುತ್ತದೆ.

ಅಪ್ಪಿತಪ್ಪಿಯೂ "ಊವ್ರ್, ಮ್ವಾನೆಲ್, ಊವ್ರ್" ಎಂದು ಬರೆಯಬೇಡಿ. ಫ್ರೆಂಚಿನಲ್ಲಿ ಒತ್ತು ಬೀಳುವುದು ಪದಗುಂಪಿನ ಕೊನೆಯಲ್ಲಿ. ಹಾಗಾಗಿ ಕೊನೆಯ 'ಊವ್ರ್' ನಮ್ಮ 'ತೆಗಿ' ಬಿದ್ದಷ್ಟೇ ಜೋರಾಗಿ ಬಾಗಿಲಿಗೆ ಬಡಿಯುತ್ತದೆ. ಮಾತಿನಲ್ಲಿ ನುಂಗಿಹೋಗುವ ಅದರ ಕೊನೆಯ ಸ್ವರವನ್ನು ಹಾಡುವವರು ಎಳೆಯುತ್ತಾರೆ. ಕಥೆ ಹೇಳುವವರೂ ಅದನ್ನು 'ಊ-ವ್ರಾ' ಎಂದು ಎಳೆದರೆ ಮಳೆ ಇನ್ನೂ ಉದ್ದವಾಗುತ್ತದೆ. ಉತ್ತರಕ್ಕೆ "ಅತಾಂ, ಜ ಬಲೇ", ತಡಿ, ಗುಡಿಸ್ತೀನಿ, ಎಂದು ಹಾಕಿದಿರೋ, ಮುಂದಿನ ಸಲ 'ಅತಾಂ' ಎಂಬುದನ್ನು ನಿಮಗಿಂತ ಮೊದಲೇ ಮಕ್ಕಳು ಹೇಳಿಬಿಡುತ್ತಾರೆ. ಇನ್ನೊಂದು ಅಪಾಯವೂ ಇದೆ. 'ಓ ಕ್ಲೇರ್ ದ ಲಾ ಲ್ಯೂನ್' ಎಂಬ ಹಾಡು ಅಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ, ಅದರಲ್ಲೂ ದೀಪ ಆರಿದವನೊಬ್ಬ ರಾತ್ರಿ ಬಂದು ಬಾಗಿಲು ತೆಗೆಯೆಂದು ಬೇಡುತ್ತಾನೆ. ಅದರ ಸಾಲಿನಷ್ಟು ಗಿಡ್ಡವಾಗಿ ನಿಮ್ಮ ಕಾಗೆಯೂ ಕೂಗಿತೆಂದರೆ ಅವರು ಅದನ್ನು ತಮ್ಮದೇ ಎಂದುಕೊಂಡು ಕೈಬಿಡುವುದಿಲ್ಲ.

ಕಥೆಯ 'ಅಂತೆ'ಗಳನ್ನು ಆರಿಸಿ ತೆಗೆಯಿರಿ. "ಇತ್ತಂತೆ, ಬಂತಂತೆ, ಬಡೀತಂತೆ" ಎಂದು ಅಜ್ಜಿ ಹೇಳುವುದರಲ್ಲಿ ತಾಳವೂ ಇದೆ, ನಾನು ಕಂಡಿಲ್ಲಪ್ಪ ಎಂಬ ಜಾಮೀನೂ ಇದೆ. ಅದರ ಬದಲು 'ಪಾಸೆ ಸೆಂಪ್ಲ್' ಎಂಬ ಭೂತಕಾಲ ತನ್ನಿ, ಮಾತಿನಲ್ಲಿ ಸತ್ತು ಪುಸ್ತಕದಲ್ಲಿ ಮಾತ್ರ ಬದುಕಿರುವಂಥದ್ದು. ಆಗ ಕಾಗೆ ಬಾಗಿಲು ಬಡಿದದ್ದು ನೆಪೋಲಿಯನ್ ಯುದ್ಧ ಗೆದ್ದಷ್ಟೇ ಖಚಿತವಾಗುತ್ತದೆ. ಯಾರಾದರೂ ಆಕ್ಷೇಪಿಸಿದರೆ ಆಬ್ಬೆ ದ್ಯುಬ್ವಾರ ಹೆಸರು ಹೇಳಿ. ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಬಾಳಿದ ಈ ಫ್ರೆಂಚ್ ಪಾದ್ರಿ 1826ರಲ್ಲಿ ಪ್ಯಾರಿಸಿನಲ್ಲಿ ಪಂಚತಂತ್ರದ ಫ್ರೆಂಚ್ ಅನುವಾದ ಪ್ರಕಟಿಸಿದರು. ಅವರ ಮುಂದಿದ್ದ ಮೂರು ಪ್ರತಿಗಳಲ್ಲಿ ಒಂದು ಕನ್ನಡದ್ದು. ಅವರ ಮುಂದಿದ್ದದ್ದು ಬರೆದಿಟ್ಟ ಪ್ರತಿ, ನಿಮ್ಮ ಮುಂದಿರುವುದು ತುತ್ತು ಹಿಡಿದ ಅಜ್ಜಿ ಎಂಬ ವ್ಯತ್ಯಾಸವನ್ನು ಮಾತ್ರ ಎತ್ತಬೇಡಿ.

ಸದ್ದುಗಳನ್ನು ಮಾತ್ರ ನಿಷ್ಠೆಯಿಂದ, ಇದ್ದದ್ದು ಇದ್ದಂತೆ ಉಳಿಸಿಕೊಳ್ಳಿ. ಇಷ್ಟು ಹೊತ್ತು ಎಲ್ಲವನ್ನೂ ಬದಲಿಸಿದ ನೀವು ಇಲ್ಲಿ ಮೂಲನಿಷ್ಠರಾಗುವುದೇ ಕಲೆ. ಮಲೆನಾಡಿನ ಮಳೆ ಧೋ ಧೋ ಎಂದು ಸುರಿಯುತ್ತದೆ. ಫ್ರೆಂಚರ ನಾಲಿಗೆಗೆ ಮಹಾಪ್ರಾಣ ಹತ್ತುವುದಿಲ್ಲ, ಅವರಿಗೆ ಅದು 'ದೋದೋ' ಎಂದು ಕೇಳುತ್ತದೆ. ಅವರ ಮಕ್ಕಳ ಭಾಷೆಯಲ್ಲಿ ಅದರರ್ಥ ನಿದ್ದೆ. ಜಡಿಮಳೆ ಶುರುವಾದೊಡನೆ ಶ್ರೋತೃಗಳು ಕಣ್ಣು ಮುಚ್ಚುತ್ತಾರೆ. ಕಾಗೆಯನ್ನೂ ಕನ್ನಡದಲ್ಲೇ 'ಕಾ ಕಾ' ಎನ್ನಿಸಿ. ಫ್ರೆಂಚ್ ಮಗುವಿಗೆ 'ಕಾಕಾ' ಎಂದರೆ ಕಕ್ಕ. ಸಗಣಿ ಮನೆಯಿಂದ ಬಂದ ಹಕ್ಕಿ ಕಲ್ಲುಮನೆಯ ಮುಂದೆ ನಿಂತು ಅದನ್ನೇ ಕೂಗುತ್ತಿದ್ದರೆ ಗುಬ್ಬಿ ಬಾಗಿಲು ತೆಗೆಯದ್ದಕ್ಕೆ ಬೇರೆ ಕಾರಣವೇ ಬೇಕಾಗುವುದಿಲ್ಲ. ಫ್ರೆಂಚ್ ಕಾಗೆ 'ಕ್ರೋಆ' ಎನ್ನುತ್ತದೆಂದು ಹೇಳಬಂದವರಿಗೆ, ನಮ್ಮದು ಭದ್ರಾವತಿ ಕಾಗೆ ಎಂದು ಹೇಳಿ ಕಳಿಸಿ.

ಕೊನೆಗೆ ಅಡಿಕೆ. ಕತ್ತಲಲ್ಲಿ ಕಟುಂ ಕುಟುಂ ಸದ್ದಾದಾಗ ಗುಬ್ಬಿ ಏನು ತಿಂತಿದ್ದೀಯೆಂದು ಕೇಳುತ್ತದೆ, ಕಾಗೆ "ಅಡಿಕೆ ಕಣೇ" ಎನ್ನುತ್ತದೆ, ಮತ್ತೆ ಕಟುಂ ಕುಟುಂ. 'ನ್ವಾಜೆತ್', ಹೇಜಲ್ ಬೀಜ, ಎಂದು ಹಾಕಿದರೆ ಸದ್ದೂ ಸುಳ್ಳೂ ಎರಡೂ ಉಳಿದುಬಿಡುತ್ತವೆ, ಹಾಕಬೇಡಿ. 'ನ್ವಾ ದಾರೆಕ್' ಎಂದು ಬರೆದು ಅಲ್ಲೇ ನಿಲ್ಲಿಸಿ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆಗಳಿವೆಯೆಂದು ವಿವರಿಸಿ, ಬೇಯಿಸಿ ಒಣಗಿಸುವ ಕ್ರಮ ಹೇಳಿ, ದರದ ಏರಿಳಿತ ಮುಟ್ಟಿ. ನೀವು ಗೊರಬಲಿಗೆ ಬರುವಷ್ಟರಲ್ಲಿ ಕಾಗೆ ಕಡಲೆ ಮುಗಿಸಿರುತ್ತದೆ.

ಈಗ ಪರೀಕ್ಷೆ. ಸಿದ್ಧವಾದ ಕಥೆಯನ್ನು ಫ್ರೆಂಚ್ ಬಲ್ಲ ನಾಲ್ಕು ಮಕ್ಕಳ ಮುಂದೆ ಓದಿ. ಎಲ್ಲರೂ ಸುಮ್ಮನೆ ಕೂತು ಕೊನೆಯಲ್ಲಿ "ಮೆರ್ಸಿ" ಎಂದರೆ ಗೆದ್ದಿರಿ. ಒಂದು ಮಗುವಾದರೂ ಮೂರನೆಯ ಬಡಿತಕ್ಕೆ ತಾನೇ ನೆಲ ಕುಟ್ಟಿದರೆ ಅಥವಾ ಮುಗಿದ ಮೇಲೆ "ಆಂಕೋರ್" ಎಂದು ಕೂಗಿದರೆ, ಎಲ್ಲೋ ಒಂದು ಪಲ್ಲವಿ ಇದ್ದದ್ದು ಇದ್ದ ಹಾಗೇ ಉಳಿದಿದೆ ಎಂದು ತಿಳಿಯಿರಿ. ಹುಡುಕಿ, ಅದಕ್ಕೊಂದು 'ಆದಾಗ್ಯೂ' ಸೇರಿಸಿ, ಮತ್ತೆ ಓದಿ.