ಪುಕ್ಕಟೆ ಬಂದ ನೂರು ಪತ್ರಿಕೆ

ತಂಗಿಯ ಲಗ್ನಪತ್ರಿಕೆ ಅಚ್ಚು ಹಾಕಿಸಲು ಕಾಕಾನ ಜೊತೆ ಜುಗೂಳದಿಂದ ಪ್ರೆಸ್ಸಿಗೆ ಹೋಗಿದ್ದೆ. ಬೇಕಾದದ್ದು 400. ಕಾರ್ಡಿಗೆ 12 ರೂಪಾಯಿ, ಪಾಕೀಟಿಗೆ 3, ಡಿಸೈನಿಗೆ 600, ಒಟ್ಟು 6,600.

"500 ತಗೊಂಡ್ರ ಕಾರ್ಡಿಗೆ 9ರಂಗ ಹಾಕ್ತೀನ್ರಿ," ಅಂದ ಪ್ರೆಸ್ಸಿನವ. ಕಾಕಾ ಪಾಕೀಟು, ಡಿಸೈನು ಎಲ್ಲ ಕೂಡಿಸಿದ. ಅದೂ 6,600! ಪ್ಲೇಟು ಮಾಡುವ, ಮಷಿನ್ ಹೊಂದಿಸುವ ಖರ್ಚು ಎಷ್ಟು ಕಾರ್ಡಿಗೂ ಅಷ್ಟೇ. ಕಾರ್ಡು ಹೆಚ್ಚಿದಷ್ಟೂ ಹಂಚಿಹೋಗುತ್ತದೆ. ಪಾಕೀಟು ಮಾತ್ರ ಮೂರಕ್ಕಿಂತ ಇಳಿಯಲಿಲ್ಲ.

"ನೂರು ಪುಕ್ಕಟೆ ಬಂದ್ವಲ್ಲೋ!" ಕಾಕಾ ಹಿಗ್ಗಿದ.

ಮನೆಯಲ್ಲಿ ಕಾಕು ಕೇಳಿದಳು: "ಮನಿಗೆ ನಾಕ ಮಂದಿ ಬಂದ್ರೂ ನಾಕನೂರು ಎಲಿ ಆತು. ಊಟಾನೂ ಪ್ರೆಸ್ಸಿನಾವ ಹಾಕ್ತಾನೇನ್ರಿ?"